ದ್ರಾಕ್ಷಿ ಪಡಕ್ಕೆ ಜಿಎ: ಎಷ್ಟು, ಯಾವಾಗ, ಯಾಕೆ ಬೇಡ

ಪ್ರಶ್ನೆ: ಥಾಮ್ಸನ್ ಸೀಡ್‌ಲೆಸ್ ಪಡ ನಾಲ್ಕು ಎಕರೆ ಐತ್ರಿ. ಅಕ್ಟೋಬರ್ ಚಾಟನಿ ಆಗಿ 22ನೇ ದಿನಕ್ಕ ಜಿಎ ಹೊಡೆದೆ. ಅಂಗಡಿಯವರು ಕೊಟ್ಟ ಬಾಟಲಿಯಿಂದ 200 ಲೀಟರ್ ಡ್ರಮ್ಮಿಗೆ 80 ಮಿ.ಲೀ. ಹಾಕಿದ್ದೆ. ಗೊನಿ ಉದ್ದ ಆಗಲೇ ಇಲ್ಲ. ಬಾಜೂ ಪಡದವರೂ ಜಿಎನೇ ಹೊಡೆದಾರ, ಅವರ ಗೊನಿ ಚಲೋ ಇಳಿದಾವ. ನನಗ ಸಿಕ್ಕ ಬಾಟಲಿ ಡೂಪ್ಲಿಕೇಟ್ ಇರಬಹುದೇನ್ರಿ?
– ಬೆಳೆಗಾರರೊಬ್ಬರು, ತಿಕೋಟಾ

ಉತ್ತರ: ಬಾಟಲಿ ಅಸಲಿಯೇ ಇರಬಹುದು, ಲೆಕ್ಕ ಮಾತ್ರ ತಪ್ಪಿದೆ. ಜಿಬ್ಬರೆಲಿಕ್ ಆಮ್ಲ, ಅಂದರೆ ನಿಮ್ಮ ಜಿಎ, ಪೇಟೆಯಲ್ಲಿ ಒಂದೇ ಸಾಂದ್ರತೆಯಲ್ಲಿ ಸಿಗುವುದಿಲ್ಲ. ಚೀಟಿಯ ಮೇಲೆ ಸಣ್ಣಕ್ಷರದಲ್ಲಿ 0.001 ಪ್ರತಿಶತ ಎಂದಿದೆಯೇ ನೋಡಿ. ಇದ್ದರೆ ಆ ಬಾಟಲಿಯ ಒಂದು ಲೀಟರಿನಲ್ಲಿ ಇರುವ ಜಿಎ ಕೇವಲ 10 ಮಿಲಿಗ್ರಾಂ. ನೀವು ಹಾಕಿದ 80 ಮಿ.ಲೀ.ನಲ್ಲಿ ಒಂದು ಮಿಲಿಗ್ರಾಂ ಕೂಡ ಇರಲಿಲ್ಲ.

ಗೊನೆ ಉದ್ದವಾಗಲು ಮೊದಲ ಸಿಂಪರಣೆಗೆ 10 ಪಿಪಿಎಂ ಬೇಕು. ಒಂದು ಪಿಪಿಎಂ ಎಂದರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ಹಾಗಾಗಿ 200 ಲೀಟರಿಗೆ 2000 ಮಿಲಿಗ್ರಾಂ, ಅಂದರೆ ಎರಡು ಗ್ರಾಂ ಶುದ್ಧ ಜಿಎ ಆಗಬೇಕು. ನಿಮ್ಮ ಬಾಟಲಿಯ ದ್ರಾವಣವೇ 10 ಪಿಪಿಎಂ ಇದೆ. ಇನ್ನೊಂದು ಹನಿ ನೀರು ಬೆರೆಸದೆ ಡ್ರಮ್ಮಿನ ತುಂಬ ಅದನ್ನೇ ಸುರಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ! ಆ ಬಾಟಲಿ ಬೇರೆ ಬೆಳೆಗಳ ಬೇರೆ ಕೆಲಸಕ್ಕೆ ಇರುವಂಥದ್ದು. ನೆರೆಯವರು ಬಹುಶಃ 90 ಪ್ರತಿಶತದ ಪುಡಿ ಬಳಸಿದ್ದಾರೆ. ಅದಾದರೆ 200 ಲೀಟರಿಗೆ 2.2 ಗ್ರಾಂ ಸಾಕು. ಕಣ್ಣಂದಾಜಿನಲ್ಲಿ ಹಾಕಬೇಡಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲೇ ತೂಗಿ. ಈ ಪುಡಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮೊದಲು ಒಂದು ಬಟ್ಟಲು ಸ್ಪಿರಿಟ್‌ನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಡ್ರಮ್ಮಿಗೆ ಹಾಕಿ ಕಲಕಬೇಕು.

ಇನ್ನೊಂದು ಮಾತು ನೀರಿನದು. ನಿಮ್ಮ ಭಾಗದ ಬೋರ್‌ವೆಲ್ ನೀರು ಹೆಚ್ಚಾಗಿ ಸವುಳು, ಕ್ಷಾರದ ನೀರು. ಜಿಎ ಸ್ವತಃ ಆಮ್ಲ. ಕ್ಷಾರದ ನೀರಿಗೆ ಬಿದ್ದರೆ ಅದು ಎಲೆಯೊಳಗೆ ಇಳಿಯುವುದು ಕಡಿಮೆಯಾಗುತ್ತದೆ. ಜಿಎ ಹಾಕುವುದಕ್ಕೆ ಮೊದಲೇ ನೀರಿಗೆ ಸಿಟ್ರಿಕ್ ಆಮ್ಲ ಸ್ವಲ್ಪಸ್ವಲ್ಪವೇ ಬೆರೆಸುತ್ತ, ಪಿಎಚ್ ಕಾಗದ 5.5ರಿಂದ 6.5ರ ನಡುವೆ ತೋರಿಸುವ ತನಕ ತನ್ನಿ. ಎಷ್ಟು ಗ್ರಾಂ ಎಂದು ನಾನು ಇಲ್ಲಿಂದ ಹೇಳಲಾರೆ, ಅದು ಬಾವಿಯಿಂದ ಬಾವಿಗೆ ಬೇರೆ.

ನೀವು ಹೊಡೆದ ದಿನ ಮಾತ್ರ ಸರಿಯಾಗಿಯೇ ಇತ್ತು. ಚಿಗುರು ಗಿಳಿಹಸಿರು ಬಣ್ಣಕ್ಕೆ ಬಂದಾಗ 10 ಪಿಪಿಎಂ, ಮತ್ತೆ ಮೂರು ನಾಲ್ಕು ದಿನ ಬಿಟ್ಟು 15 ಪಿಪಿಎಂ. ಆದರೆ ದಿನ ಎಣಿಸುವುದಕ್ಕಿಂತ ಬಣ್ಣ ನೋಡುವುದು ಮೇಲು. ಚಳಿ ಬಿದ್ದ ವರ್ಷ ಚಿಗುರು ತಡವಾಗುತ್ತದೆ.

ಪ್ರಶ್ನೆ: ಹೂವಿನ ಮೊದಲು ಹೊಡೆದರೆ ಗೊನೆ ಉದ್ದ, ಹೂವಿನಲ್ಲಿ ಹೊಡೆದರೆ ಕಾಳು ಉದುರುತ್ತದೆ, ಆಮೇಲೆ ಅದ್ದಿದರೆ ಕಾಳು ದಪ್ಪ. ಒಂದೇ ಔಷಧ ಮೂರು ಕೆಲಸ ಹೇಗೆ ಮಾಡುತ್ತದೆ? ಜೊತೆಗೆ ಸಿಪಿಪಿಯು ಹಾಕಿ ಎನ್ನುತ್ತಾರೆ. ನಮ್ಮದು ಒಣದ್ರಾಕ್ಷಿ ಮಾಡುವ ಪಡ.
– ಬೆಳೆಗಾರ್ತಿಯೊಬ್ಬರು, ಬಬಲೇಶ್ವರ

ಉತ್ತರ: ಸಸ್ಯದಲ್ಲಿ ಜಿಎ ಮುಖ್ಯವಾಗಿ ಮಾಡುವುದು ಜೀವಕೋಶಗಳು ಉದ್ದಕ್ಕೆ, ಅಗಲಕ್ಕೆ ಹಿಗ್ಗುವಂತೆ ಪ್ರಚೋದಿಸುವ ಕೆಲಸ. ಆ ಹೊತ್ತಿಗೆ ಯಾವ ಭಾಗ ಬೆಳೆಯುತ್ತಿದೆಯೋ ಅದರ ಮೇಲೆ ಪರಿಣಾಮ. ಹೂವಿಗೆ ಮೊದಲು ಬೆಳೆಯುತ್ತಿರುವುದು ಗೊನೆಯ ದಂಟು, ಹಾಗಾಗಿ ಅದು ಉದ್ದವಾಗುತ್ತದೆ. ಹೂವು ಅರಳುವಾಗ ಸಿಂಪಡಿಸಿದರೆ ಕಾಯಿ ಕಚ್ಚುವುದು ಕಡಿಮೆಯಾಗಿ ಗೊನೆ ಸಡಿಲಾಗುತ್ತದೆ. ಕಾಳು ಕಚ್ಚಿದ ಮೇಲೆ ಕಾಳಿನ ತಿರುಳೇ ಹಿಗ್ಗುತ್ತದೆ. ಬೀಜವಿರುವ ದ್ರಾಕ್ಷಿಯಲ್ಲಿ ಈ ಕೆಲಸಕ್ಕೆ ಬೀಜವೇ ಜಿಬ್ಬರೆಲಿನ್ ಒದಗಿಸುತ್ತದೆ. ಥಾಮ್ಸನ್‌ನಲ್ಲಿ ಬೀಜ ಎಳವೆಯಲ್ಲೇ ಕಮರಿಹೋಗುತ್ತದೆ. ಆದ್ದರಿಂದ ಹೊರಗಿನಿಂದ ಕೊಡದಿದ್ದರೆ ಕಾಳು ಸಣ್ಣದಾಗಿಯೇ ಉಳಿಯುತ್ತದೆ.

ಕಾಳು 3–4 ಮಿ.ಮೀ. ಇದ್ದಾಗ ಒಂದು ಸಲ, 6–7 ಮಿ.ಮೀ. ಆದಾಗ ಇನ್ನೊಂದು ಸಲ, 30ರಿಂದ 40 ಪಿಪಿಎಂ ದ್ರಾವಣದಲ್ಲಿ ಗೊನೆ ಅದ್ದುವುದು ತಾಜಾ ಹಣ್ಣು ಮಾರುವವರ ಪದ್ಧತಿ. ಅದಕ್ಕೆ ಸಿಪಿಪಿಯು ಒಂದೆರಡು ಪಿಪಿಎಂ ಬೆರೆಸುತ್ತಾರೆ. ಅದು ಸೈಟೊಕೈನಿನ್ ಗುಂಪಿನ ಕೆಲಸ ಮಾಡುವ ಕೃತಕ ವಸ್ತು. ಜಿಎ ಕೋಶವನ್ನು ಹಿಗ್ಗಿಸಿದರೆ ಇದು ಕೋಶಗಳ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಸಿಗುವುದು 0.1 ಪ್ರತಿಶತದ ದ್ರಾವಣ, ಅದರ ಒಂದು ಮಿ.ಲೀ. ಲೀಟರ್ ನೀರಿಗೆ ಬಿದ್ದರೆ ಒಂದು ಪಿಪಿಎಂ.

ಆದರೆ ನಿಮಗೆ ಇದು ಬೇಡ ತಾಯಿ. ಸಿಪಿಪಿಯು ಬಿದ್ದ ಕಾಳಿನ ಸಿಪ್ಪೆ ದಪ್ಪವಾಗುತ್ತದೆ, ಹಣ್ಣಾಗುವುದು ತಡವಾಗುತ್ತದೆ, ಸಕ್ಕರೆ ಏರುವುದೂ ನಿಧಾನ. ತಾಜಾ ಹಣ್ಣಿನ ವ್ಯಾಪಾರಿಗೆ ದಪ್ಪ ಸಿಪ್ಪೆ ಅನುಕೂಲವೇ, ಪೆಟ್ಟಿಗೆಯಲ್ಲಿ ಬಾಳುತ್ತದೆ. ಒಣಗಿಸುವ ಶೆಡ್ಡಿನಲ್ಲಿ ಅದೇ ತೊಂದರೆ. ದೊಡ್ಡ ಕಾಳು, ದಪ್ಪ ಸಿಪ್ಪೆ, ಕಡಿಮೆ ಸಕ್ಕರೆ ಮೂರೂ ಸೇರಿದರೆ ಒಣಗಲು ಹೆಚ್ಚು ದಿನ ಬೇಕು, ತೂಕವೂ ಬರುವುದಿಲ್ಲ. ಜಿಎಯನ್ನೂ ಹಿತಮಿತದಲ್ಲಿ ಇಡಿ. ಅತಿಯಾಗಿದೆ ಎಂದು ತಿಳಿಯಲು ಕಾಳಿನ ತೊಟ್ಟು ನೋಡಿದರೆ ಸಾಕು. ದಪ್ಪವಾಗಿ, ಕಡ್ಡಿಯಂತೆ ಗಡುಸಾಗಿದ್ದರೆ ಕೊಯ್ದ ಮೇಲೆ ಕಾಳು ಉದುರುತ್ತದೆ.

ಪ್ರಶ್ನೆ: ಏಪ್ರಿಲ್ ಚಾಟನಿ ಆದ ಮೇಲೆ ಚಿಗುರು ಸೊರಗಿತ್ತು ಎಂದು ಮೇ ತಿಂಗಳಲ್ಲಿ ಜಿಎ ಕೊಟ್ಟೆ. ಬಳ್ಳಿ ಭರ್ಜರಿ ಬೆಳೆಯಿತು. ಅಕ್ಟೋಬರ್‌ನಲ್ಲಿ ಗೊನೆಯೇ ಇಲ್ಲ, ಬರೀ ಕುಡಿಬಳ್ಳಿ.
– ಬೆಳೆಗಾರರೊಬ್ಬರು, ಜಮಖಂಡಿ

ಉತ್ತರ: ಬರುವ ಹಂಗಾಮಿನ ಗೊನೆ ಈ ಬೇಸಿಗೆಯ ಕಣ್ಣಿನೊಳಗೇ ನಿರ್ಧಾರವಾಗುತ್ತದೆ. ಚಾಟನಿಯಾಗಿ ಸುಮಾರು 40ರಿಂದ 60 ದಿನಗಳಲ್ಲಿ ಕಣ್ಣಿನ ಒಳಗೆ ಒಂದು ಸೂಕ್ಷ್ಮ ಗುಬ್ಬಿ ಮೂಡುತ್ತದೆ. ಅದು ಗೊನೆಯೂ ಆಗಬಹುದು, ಬಳ್ಳಿ ಹಿಡಿದುಕೊಳ್ಳುವ ಕುಡಿಯೂ ಆಗಬಹುದು. ಸೈಟೊಕೈನಿನ್ ಜಾಸ್ತಿಯಿದ್ದರೆ ಗೊನೆಯ ಕಡೆಗೆ, ಜಿಬ್ಬರೆಲಿನ್ ಜಾಸ್ತಿಯಾದರೆ ಕುಡಿಯ ಕಡೆಗೆ ವಾಲುತ್ತದೆ. ನೀವು ಜಿಎ ಕೊಟ್ಟದ್ದು ಸರಿಯಾಗಿ ಆ ತಿರುವಿನ ಹೊತ್ತಿಗೆ.

ಈ ಹಂತದಲ್ಲಿ 6-ಬಿಎ ಎಂಬ ಸೈಟೊಕೈನಿನ್ ಅನ್ನು 10 ಪಿಪಿಎಂ ಸಿಂಪಡಿಸುವುದುಂಟು. ಬಳ್ಳಿಯ ಓಟ ತಡೆಯಲು ಹಿಂದೆ ಸಿಸಿಸಿ, ಅಂದರೆ ಕ್ಲೋರ್‌ಮೆಕ್ವಾಟ್, ಧಾರಾಳವಾಗಿ ಬಳಸುತ್ತಿದ್ದರು. ಗಿಡ ತಾನೇ ಜಿಬ್ಬರೆಲಿನ್ ತಯಾರಿಸುವುದನ್ನು ಅದು ತಡೆಯುತ್ತದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಅದರ ಶೇಷ ಸಿಕ್ಕಿ, ರಫ್ತುದಾರರು ಭಾರಿ ಪೆಟ್ಟು ತಿಂದರು. ರಫ್ತಿನ ಪಡವಾದರೆ ಅದರ ಸಹವಾಸ ಬೇಡ. ನೀರು, ಸಾರಜನಕ ಕಡಿಮೆ ಮಾಡಿ, ಚಿಗುರಿನ ತುದಿ ಚಿವುಟಿ, ಕಣ್ಣುಗಳಿಗೆ ಬಿಸಿಲು ಬೀಳುವಂತೆ ನೋಡಿಕೊಳ್ಳಿ. ನೆರಳಲ್ಲಿರುವ ಕಣ್ಣು ಗೊನೆ ಕೊಡುವುದು ಕಡಿಮೆ. ಮುಂದಿನ ಸಲ ಅಕ್ಟೋಬರ್ ಚಾಟನಿಗೆ ಮೊದಲು ಕೆಲವು ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಒಯ್ದು ಕಣ್ಣು ಸೀಳಿಸಿ ನೋಡಿಸಿ. ಗೊನೆ ಎಷ್ಟನೇ ಕಣ್ಣಿನಲ್ಲಿದೆ ಎಂದು ತಿಳಿದರೆ ಎಲ್ಲಿ ಕತ್ತರಿಸಬೇಕೆಂಬುದೂ ತಿಳಿಯುತ್ತದೆ.

ಪ್ರಶ್ನೆ: ನಮ್ಮದು ಬೆಂಗಳೂರು ನೀಲಿ. ಜಿಎ ಹೊಡೆಯಬಹುದೇ?
– ಓದುಗರೊಬ್ಬರು, ದೇವನಹಳ್ಳಿ

ಉತ್ತರ: ಬೇಡ. ಅದರಲ್ಲಿ ಬೀಜವಿದೆ, ಬೀಜವೇ ಆ ಕೆಲಸ ಮಾಡುತ್ತಿದೆ.

ಪ್ರಶ್ನೆ: ಡಾಗ್ರಿಡ್ಜ್ ಕಡ್ಡಿ ನೆಟ್ಟರೆ ಬೇರೇ ಬರುವುದಿಲ್ಲ. ಚಿಗುರುತ್ತದೆ, ಆಮೇಲೆ ಒಣಗುತ್ತದೆ.
– ನರ್ಸರಿಯವರು, ಅಥಣಿ

ಉತ್ತರ: ಡಾಗ್ರಿಡ್ಜ್ ಬೇರು ಬಿಡುವುದರಲ್ಲಿ ಜಿಪುಣ, ಅದಕ್ಕೆ ಆಕ್ಸಿನ್ ಬೇಕೇ ಬೇಕು. ಎರಡು ಗ್ರಾಂ ಐಬಿಎ ಪುಡಿಯನ್ನು ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ ಕರಗಿಸಿ, ಅರ್ಧ ಲೀಟರ್ ನೀರು ಬೆರೆಸಿ. ಅದು 2000 ಪಿಪಿಎಂ ದ್ರಾವಣ. ಕಡ್ಡಿಯ ಬುಡವನ್ನು ಗೆಣ್ಣಿನ ಕೆಳಗೆ ಹೊಸದಾಗಿ ಕತ್ತರಿಸಿ, ಒಂದಂಗುಲ ಮಾತ್ರ, ಹತ್ತು ಸೆಕೆಂಡು ಅದ್ದಿ. ಸ್ಪಿರಿಟ್ ಆರಿದ ಮೇಲೆ ನೆಡಿ. ಹೆಚ್ಚು ಹೊತ್ತು ಬಿಟ್ಟರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಕಟ್ಟು ಕಟ್ಟುವಾಗ ಬುಡಗಳೆಲ್ಲ ಒಂದೇ ಕಡೆ ಇರಲಿ. ಆಕ್ಸಿನ್ ತುದಿಯಿಂದ ಬುಡದತ್ತ ಹರಿಯುತ್ತದೆ, ತಲೆಕೆಳಗಾಗಿ ನೆಟ್ಟ ಕಡ್ಡಿಯನ್ನು ಯಾವ ಐಬಿಎಯೂ ಉಳಿಸಲಾರದು. ಇನ್ನು ಮೊದಲು ಚಿಗುರಿ ಆಮೇಲೆ ಒಣಗುವ ವಿಷಯ. ಕಡ್ಡಿಯಲ್ಲಿದ್ದ ಸತ್ವದಿಂದಲೇ ಆ ಚಿಗುರು ಬಂದದ್ದು. ಚಿಗುರು ಕಂಡಿತೆಂದು ಬೇರೂ ಬಂದಿದೆ ಎಂದುಕೊಳ್ಳದೆ, ಒಂದೆರಡು ಕಡ್ಡಿಗಳನ್ನು ಮೆಲ್ಲಗೆ ಎತ್ತಿ ನೋಡಿ.