ರಟ್ಟಿನ ಮೇಲಿನ ಹಂತ ನಂಬಬೇಡ

ಮಗಳೇ, "ಅಪ್ಪಾ, ಒಂದನೇ ಹಂತದ ಪುಸ್ತಕವನ್ನೇ ಕೊಟ್ಟೆ, ಮೊದಲ ಪುಟಕ್ಕೇ ಪುಟ್ಟ ಅಳೋಕೆ ಶುರು ಮಾಡಿದ" ಅಂತ ಹೋದ ವಾರ ಫೋನಿನಲ್ಲಿ ಹೇಳಿದೆಯಲ್ಲ, ಅದರಲ್ಲಿ ಅವನ ತಪ್ಪೂ ಇಲ್ಲ, ನಿನ್ನ ತಪ್ಪೂ ಇಲ್ಲ. ಒಂದನೇ ತರಗತಿಯಲ್ಲಿ ಅರ್ಧ ಆಯುಷ್ಯ ಕಳೆದ ಮೇಷ್ಟ್ರ ಮಾತು ಅಂತ ಸ್ವಲ್ಪ ಕೇಳಿಸಿಕೋ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ, ನಾಲ್ಕು ಹಂತ ಮಾಡಿದ್ದಾರೆ, ಚಿತ್ರಗಳೂ ಚೆನ್ನ. ಆದರೆ ಆ ಹಂತ ಕತೆಯ ಉದ್ದಕ್ಕೆ, ವಾಕ್ಯದ ಸರಳತೆಗೆ ಸೇರಿದ್ದು. ಅಕ್ಷರದ ಕಷ್ಟ ಬೇರೆಯದೇ ಲೆಕ್ಕ. "ಅಪ್ಪ ಮಾರುಕಟ್ಟೆಯಲ್ಲಿ ಮಾವಿನ ಹಣ್ಣು ಕೊಂಡರು" ಅನ್ನುವುದು ಎಷ್ಟು ಸಣ್ಣ ವಾಕ್ಯ! ಅದರ ಐದು ಪದಗಳಲ್ಲಿ ನಾಲ್ಕು ಒತ್ತಕ್ಷರಗಳಿವೆ. ಬರೀ ಅಆಇಈ ಬರುವ ಮಗು ಅಲ್ಲಿ ಏನು ಓದೀತು? ಇನ್ನು ಮುಂದೆ ಪುಸ್ತಕ ಕೊಡುವ ಮೊದಲು ಪೆನ್ಸಿಲ್ ಹಿಡಿದು ಒಂದು ಪುಟ ನೋಡು. ಅವನಿಗೆ ಇನ್ನೂ ಹೇಳಿಕೊಡದ ಅಕ್ಷರ, ಗುಣಿತ, ಒತ್ತು ಎರಡು ಮೂರಕ್ಕಿಂತ ಹೆಚ್ಚಿದ್ದರೆ ಅದು ನೀನು ಅವನಿಗೆ ಓದಿ ಹೇಳುವ ಪುಸ್ತಕ, ಅವನು ಓದುವ ಪುಸ್ತಕ ಅಲ್ಲ.

ಹಾಗಾದರೆ ಅವನು ಓದುವುದೇನು? ಮೊದಲ ಪುಸ್ತಕ ನೀನೇ ಮಾಡಬೇಕು. ನಮ್ಮ ಶಾಲೆಗಳಲ್ಲಿ ವರ್ಣಮಾಲೆಯ ಸಾಲು ಬಿಟ್ಟು ರ ಗ ಸ ದ ಅ ಎಂದು ಶುರು ಮಾಡುತ್ತೇವೆ, ಆಮೇಲೆ ಜ ವ ಮ ಬ ನ. ಐದೇ ಅಕ್ಷರಕ್ಕೆ ಅರಸ, ಸರ, ಗರಗಸ ಎಲ್ಲ ಬಂದುಬಿಡುತ್ತವೆ. ಹತ್ತಾದರೆ ಬಸವ, ಮರ, ದನ, ನಗರ. ನಾಲ್ಕು ಹಾಳೆ ಮಡಚಿ ಹೊಲಿದು ಪುಟಕ್ಕೊಂದರಂತೆ ಬರೆ: ಬಸವನ ದನ. ಅರಸನ ನಗರ. ಅರಸನ ಗರಗಸ. ಚಿತ್ರ ಅವನೇ ಬರೆಯಲಿ. ಕಿರೀಟ ಹಾಕಿದ ರಾಜ ಗರಗಸ ಹಿಡಿದು ಮರ ಕೊಯ್ಯುವ ಚಿತ್ರಕ್ಕೆ ನನ್ನ ತರಗತಿಯ ಮಕ್ಕಳು ಪ್ರತಿ ವರ್ಷ ನಗುತ್ತಿದ್ದರು.

ಆಮೇಲೆ ಗುಣಿತ, ಒಂದೊಂದೇ ಚಿಹ್ನೆ. ಕಾಗುಣಿತದ ಪಟ್ಟಿ ಉರು ಹೊಡೆಸಬೇಡ. ದೀರ್ಘಕ್ಕೆ ಒಂದು ವಾರ ಪೂರ್ತಿ ಕೊಡು, ಏಕೆಂದರೆ ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿನ ಕಿವಿ ಎಡವುವುದೇ ಅಲ್ಲಿ. ಬಲ, ಬಾಲ ಎರಡನ್ನೂ ಬರೆದಿಟ್ಟು ನೀನು ಒಂದನ್ನು ಹೇಳು, ಅವನು ಬೆರಳಿಡಲಿ. ಒತ್ತು ಕೊನೆಗೆ. ಅದರಲ್ಲೂ ಮೊದಲು ಅಕ್ಕ, ಅಪ್ಪ, ಹಣ್ಣು, ಅವನ ಬಾಯಲ್ಲಿ ಆಗಲೇ ಇರುವ ಪದಗಳು. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಮೂಲ ಅಕ್ಷರದ ಹೋಲಿಕೆಯೇ ಇಲ್ಲ, ಅವನ್ನು ಹೊಸ ಅಕ್ಷರ ಎಂದೇ ತಿಳಿದು ಕಲಿಸು. ಅರ್ಕಾವೊತ್ತು ಎಲ್ಲಕ್ಕಿಂತ ಹಿಂದೆ ಇರಲಿ. ಅದನ್ನು ಬರೆಯುವುದು ಅಕ್ಷರದ ಆಮೇಲೆ, ಓದುವುದು ಅಕ್ಷರಕ್ಕಿಂತ ಮೊದಲು. "ಸೂರ್ಯ" ಅನ್ನುವುದನ್ನು "ಸೂಯರ" ಅಂತ ಓದಿದರೆ ಬೈಯಬೇಡ, ಕಣ್ಣಿಗೆ ಕಂಡ ಸಾಲಿನಲ್ಲೇ ಓದಿದ್ದಾನೆ.

ಹಾಡಿನ ವಿಷಯದಲ್ಲಿ ಒಂದು ಮೋಸ ಇದೆ. ರಾಜರತ್ನಂ ಅವರ ನಾಯಿಮರಿ ಪದ್ಯ ಅವನಿಗೆ ಬಾಯಿಪಾಠ. ಪುಸ್ತಕದ ಮೇಲೆ ಬೆರಳಿಟ್ಟು ಸರಾಗವಾಗಿ ಹೇಳುತ್ತಾನೆ, ನಿನಗೆ ಓದಿದ ಹಾಗೇ ಕಾಣುತ್ತದೆ. ಅದು ನೆನಪು. ಸಾಲುಗಳನ್ನು ಕತ್ತರಿಸಿ ಪಟ್ಟಿ ಮಾಡಿ, ಕಲಸಿ ಹರಡಿ, ಮತ್ತೆ ಜೋಡಿಸು ಅನ್ನು. ನಡುವಿನಿಂದ ಒಂದು ಪಟ್ಟಿ ಎತ್ತಿ "ಇದರಲ್ಲಿ ತಿಂಡಿ ಎಲ್ಲಿದೆ ತೋರಿಸು" ಎಂದು ಕೇಳು. ತಡಕಾಡಿದರೆ ಇನ್ನೂ ಓದು ಬಂದಿಲ್ಲ. ಹಾಗಂತ ಹಾಡು ಬಿಡಬೇಡ. ಪದ ಮೊದಲೇ ಕಿವಿಯಲ್ಲಿದ್ದರೆ ಕಣ್ಣಿಗೆ ಅರ್ಧ ಕೆಲಸ ಕಡಿಮೆ.

ಹೊತ್ತಿನ ಮಾತು ಇಷ್ಟೇ. ಸಂಜೆ ಶಾಲೆಯಿಂದ ಸುಸ್ತಾಗಿ ಬಂದವನನ್ನು ಕೂರಿಸಬೇಡ. ಬೆಳಿಗ್ಗೆ ದೋಸೆ ತಿಂದಾದ ಮೇಲೆ 10 ನಿಮಿಷ ಅವನು ಓದಲಿ, ಐದು ಹಳೇ ಪುಟ, ಒಂದು ಹೊಸದು. ರಾತ್ರಿ ಮಲಗುವಾಗ ನೀನು ಓದು. ಓದುವಾಗ ಇನ್ನೊಂದು ಗಮನಿಸು: ಅವನಿಗೆ ಗೊತ್ತಿರುವುದು "ಮನೇಲಿ", "ಹೋಗ್ತಾನೆ". ಪುಸ್ತಕದಲ್ಲಿರುವುದು "ಮನೆಯಲ್ಲಿ", "ಹೋಗುತ್ತಾನೆ". ಅಕ್ಷರ ಎಲ್ಲ ಬಂದರೂ ಅರ್ಥವಾಗದೆ ಕೂರುವುದು ಇದರಿಂದಲೇ. ಇದ್ದ ಹಾಗೆ ಓದಿ, ಕೂಡಲೇ ನಮ್ಮ ಮನೆಮಾತಿನಲ್ಲಿ ಒಮ್ಮೆ ಹೇಳು.

ಶನಿವಾರ ನಿಮಗೆ ಬೆಳಿಗ್ಗೆ ಆದಾಗ ನಮಗೆ ಸಂಜೆ. ಅಜ್ಜಿ ಕನ್ನಡಕ ಹಾಕಿಕೊಂಡು ಫೋನ್ ಮುಂದೆ ಕೂತಿರುತ್ತಾಳೆ. ಈ ವಾರ ಪುಟ್ಟ ಅರಸನ ಗರಗಸದ ಪುಸ್ತಕ ತೋರಿಸಲಿ.