ಉಸಿರೆಳೆವಾಗಲೋ, ಬಿಡುವಾಗಲೋ?

800 ಮೀಟರ್ ಓಡುವ 14ರ ಹುಡುಗಿಯೊಬ್ಬಳು ಎರಡನೇ ಸುತ್ತಿನಲ್ಲಿ ಗಂಟಲು ಹಿಡಿದು ನಿಂತುಬಿಡುತ್ತಾಳೆ ಅನ್ನಿ. ಉಸಿರು ಎಳೆದಾಗಲೆಲ್ಲ ಕರ್ಕಶ ಶಬ್ದ. ಐದು ನಿಮಿಷ ಕೂತರೆ ಏನೂ ಆಗಿಲ್ಲವೆಂಬಂತೆ ನೀರು ಕೇಳುತ್ತಾಳೆ. ಇನ್ಹೇಲರ್ ಎಳೆದರೂ ಗುಣವಿಲ್ಲ.

ಇದು ಅಸ್ತಮಾ ಅಲ್ಲದಿರಬಹುದು. ಉಸಿರೆಳೆವಾಗ ತೆರೆದುಕೊಳ್ಳಬೇಕಾದ ಧ್ವನಿತಂತುಗಳು ಮುಚ್ಚಿಕೊಳ್ಳುವ ತೊಂದರೆಯೂ ಇದೆ. ಅದರಲ್ಲಿ ಬಿಗಿತ ಗಂಟಲಲ್ಲಿ, ಓಟ ಜೋರಾದಾಗಲೇ ಹೆಚ್ಚು. ವ್ಯಾಯಾಮದ ಅಸ್ತಮಾದಲ್ಲಿ ಬಿಗಿತ ಎದೆಯಲ್ಲಿ. ಸುಯ್ ಸದ್ದು ಸಾಮಾನ್ಯವಾಗಿ ಉಸಿರು ಬಿಡುವಾಗ. ಓಟ ನಿಲ್ಲಿಸಿದ ಮೇಲೂ ಏರಿ, ಅರ್ಧ ಗಂಟೆ ಕಾಡಬಹುದು. ಕೆಲವರಿಗೆ ಎರಡೂ ಇರುತ್ತವೆ, ಆದ್ದರಿಂದ ಇನ್ಹೇಲರನ್ನು ನೀವಾಗಿ ನಿಲ್ಲಿಸಬೇಡಿ.

ಮುಂದಿನ ಸಲ ಆ ಸದ್ದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕ್ಲಿನಿಕ್ಕಿನಲ್ಲಿ ಕೂತ ಮಗುವಿನಲ್ಲಿ ವೈದ್ಯರಿಗೆ ಏನೂ ಕಾಣದು. ಖಚಿತವಾಗಬೇಕಾದರೆ ಓಡಿಸುತ್ತಲೇ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಗಂಟಲು ನೋಡಬೇಕು. ಈ ಸೌಲಭ್ಯ ಎಲ್ಲ ಕಡೆ ಇಲ್ಲ. ಚಿಕಿತ್ಸೆ ಮುಖ್ಯವಾಗಿ ಸ್ಪೀಚ್ ಥೆರಪಿಸ್ಟ್ ಕಲಿಸುವ ಉಸಿರಾಟ: ಹೂ ಮೂಸುವಂತೆ ಮೂಗಿನಲ್ಲಿ ಚುಟುಕಾಗಿ ಎಳೆದು, 'ಸ್‌ಸ್‌ಸ್' ಎಂದು ನಿಧಾನ ಬಿಡುವುದು. ಮನೆಯಲ್ಲಿ ರೂಢಿಯಾದರೆ ಮೈದಾನದಲ್ಲಿ ನೆನಪಾಗುತ್ತದೆ.

ತುಟಿ ನೀಲಿಯಾದರೆ, ಕೂತರೂ ಏದುಸಿರು ಇಳಿಯದಿದ್ದರೆ ಮಾತ್ರ ಈ ಲೆಕ್ಕಾಚಾರವೆಲ್ಲ ಬಿಟ್ಟು ನೇರ ಆಸ್ಪತ್ರೆಗೆ ಓಡಿ.