ಓರೆಯನ್ನು ಅಳೆಯುವ ಪಾಠ: ಎರಡು ಸಂವೇದಕ, ಒಂದು ಪೂರಕ ಫಿಲ್ಟರ್

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಲಿಂಗಸುಗೂರಿನ ಒಂದು ಪ್ರೌಢಶಾಲೆ. ಅಲ್ಲಿನ ಒಂಬತ್ತನೇ ತರಗತಿಯ ವಿಜ್ಞಾನ ಸಂಘದ ಮಕ್ಕಳು ಒಂದು ಸಮತೋಲನ ಹಲಗೆ ಮಾಡಲು ಹೊರಟಿದ್ದರು. ಕೈಯಲ್ಲಿ ಹಿಡಿದ ತಳ ಎಡಕ್ಕೋ ಬಲಕ್ಕೋ ವಾಲಿದರೂ ಮೇಲಿನ ತಟ್ಟೆ ಮಟ್ಟವಾಗಿಯೇ ಇರಬೇಕು, ತಟ್ಟೆಯ ಮೇಲಿಟ್ಟ ಗೋಲಿ ಉರುಳಬಾರದು. ತಳಕ್ಕೆ ಎಂಪಿಯು-6050 ಎಂಬ ಸಣ್ಣ ಸಂವೇದಕ, ಅದರ ಅಂಕಿಗಳನ್ನು ಓದಲು ಆರ್ಡುಯಿನೊ ಊನೋ ಬೋರ್ಡು, ತಟ್ಟೆಯನ್ನು ತಿರುಗಿಸಲು ಒಂದು ಸರ್ವೋ ಮೋಟಾರು. ತಳ ಬಲಕ್ಕೆ 10 ಡಿಗ್ರಿ ವಾಲಿದರೆ ಮೋಟಾರು ತಟ್ಟೆಯನ್ನು ಎಡಕ್ಕೆ 10 ಡಿಗ್ರಿ ತಿರುಗಿಸಿದರಾಯಿತು. ಹಾಗಾಗಿ ಇಡೀ ಕೆಲಸ ಒಂದೇ ಅಂಕಿಯ ಮೇಲೆ ನಿಂತಿದೆ: ಈ ಕ್ಷಣದಲ್ಲಿ ತಳ ಎಷ್ಟು ಓರೆಯಾಗಿದೆ?

ಆ ಸಂವೇದಕದೊಳಗೆ ಆಕ್ಸೆಲೆರೋಮೀಟರ್ ಮತ್ತು ಗೈರೋಸ್ಕೋಪ್ ಎರಡೂ ಇವೆ, ಎರಡರಿಂದಲೂ ಕೋನ ತೆಗೆಯಬಹುದು. ಮಕ್ಕಳು ಎರಡನ್ನೂ ಪರದೆಯ ಮೇಲೆ ಹಾಕಿ ನೋಡಿದಾಗ ಎರಡು ಬೇರೆ ಬೇರೆ ಉತ್ತರ ಬಂದವು. "ಮೇಡಂ, ಎರಡರಾಗ ಯಾವ್ದು ಖರೆ ಹೇಳ್ತೈತ್ರಿ?" ಎಂದು ಒಬ್ಬಳು ಕೇಳಿದಳು. ನನ್ನ ಪಾಠ ಯೋಜನೆಯ ಪ್ರಧಾನ ಪ್ರಶ್ನೆಯಾಗಿ ಅದನ್ನೇ ಇಟ್ಟುಕೊಂಡೆ. ಮುಂದೆ ಇದೇ ಪಾಠವನ್ನು ಮಸ್ಕಿಯ ಇನ್ನೊಂದು ಶಾಲೆಯಲ್ಲೂ ಮಾಡಿದೆ.

ಮೊದಲನೇ ಅವಧಿ ಪೂರ್ತಿ ಆಕ್ಸೆಲೆರೋಮೀಟರಿಗೆ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಬರುವ ಬಸ್ಸನ್ನು ಎಲ್ಲ ಮಕ್ಕಳೂ ಬಲ್ಲರು. ಬಸ್ಸಿನ ಸರಳಿಗೆ ನೀರಿನ ಬಾಟಲಿ ತೂಗುಹಾಕಿದೆ ಎಂದುಕೊಳ್ಳೋಣ. ಬಸ್ಸು ನಿಂತಿದ್ದಾಗ ಬಾಟಲಿ ನೆಟ್ಟಗೆ ತೂಗುತ್ತದೆ, ಗೌಂಡಿಯ ತೂಗುಗುಂಡಿನ ಹಾಗೆ. ಡ್ರೈವರ್ ಬ್ರೇಕು ಹಾಕಿದರೆ ಮುಂದಕ್ಕೆ ಓರೆಯಾಗುತ್ತದೆ. ಬಸ್ಸಿನ ನೆಲ ಮಾತ್ರ ವಾಲಿಲ್ಲ. ಆಕ್ಸೆಲೆರೋಮೀಟರ್ ಇಂಥ ಬಾಟಲಿಯೇ: ಗುರುತ್ವ ಯಾವ ಕಡೆಗಿದೆ ಎಂದು ತೋರಿಸುತ್ತದೆ, ಆದರೆ ಚಲನೆಯ ವೇಗೋತ್ಕರ್ಷವೂ ಅದರಲ್ಲಿ ಬೆರೆತುಬಿಡುತ್ತದೆ.

ಎಷ್ಟು ಬೆರೆಯುತ್ತದೆ ಎಂಬುದನ್ನು ಮಕ್ಕಳಿಂದಲೇ ಅಳೆಸಬಹುದು. ತ್ರಿಕೋನಮಿತಿ ಒಂಬತ್ತರಲ್ಲಿ ಬರುವುದಿಲ್ಲ, ಅದರ ಅಗತ್ಯವೂ ಇಲ್ಲ. ಗುರುತ್ವಕ್ಕೆ 9.8 ಸೆಂ.ಮೀ. ಉದ್ದದ ಲಂಬ ಗೆರೆ, ಸೆಕೆಂಡಿಗೆ ಸೆಕೆಂಡಿಗೆ 1 ಮೀಟರಿನ ವೇಗೋತ್ಕರ್ಷಕ್ಕೆ 1 ಸೆಂ.ಮೀ. ಅಡ್ಡ ಗೆರೆ. ತುದಿಗಳನ್ನು ಸೇರಿಸಿ ಕೋನಮಾಪಕ ಇಟ್ಟರೆ ಸುಮಾರು 6 ಡಿಗ್ರಿ ಸಿಗುತ್ತದೆ. ಲೆಕ್ಕದ ಪ್ರಕಾರ 5.8. ಅಂದರೆ ತೀರಾ ಮೆಲ್ಲನೆಯ ತಳ್ಳುವಿಕೆಯೂ ಆಕ್ಸೆಲೆರೋಮೀಟರಿಗೆ ಸುಮಾರು 6 ಡಿಗ್ರಿಯ ಓರೆಯಾಗಿ ಕಾಣುತ್ತದೆ. ತಟ್ಟೆ ಅಷ್ಟು ವಾಲಿದರೆ ಗೋಲಿ ನಿಲ್ಲುವ ಮಾತೇ ಇಲ್ಲ.

ಗೈರೋಸ್ಕೋಪಿಗೆ ಇದರ ತೊಂದರೆ ಇಲ್ಲ. ಅದು ಗುರುತ್ವವನ್ನು ನೋಡುವುದೇ ಇಲ್ಲ. ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದ್ದೇವೆ ಎಂಬುದನ್ನಷ್ಟೇ ಹೇಳುತ್ತದೆ. ಕೋನ ಬೇಕಾದರೆ ಆ ತಿರುಗುವೇಗವನ್ನು ಕಾಲದಿಂದ ಗುಣಿಸಿ ಕೂಡಿಸುತ್ತ ಹೋಗಬೇಕು. ಇದಕ್ಕೆ ಅಂಗಳದಲ್ಲಿ ಒಂದು ಚಟುವಟಿಕೆ ಮಾಡಿಸಿದೆ. ಒಬ್ಬ ಹುಡುಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಧ್ವಜಸ್ತಂಭಕ್ಕೆ ಮುಖ ಮಾಡಿ ನಿಂತು, ನಿಂತಲ್ಲೇ ನಿಧಾನವಾಗಿ ತಿರುಗಬೇಕು. ಕೇಳಿದಾಗ ಸ್ತಂಭ ಎಲ್ಲಿದೆ ಎಂದು ಕೈ ತೋರಿಸಬೇಕು. ಅರ್ಧ ಸುತ್ತಿಗೆ ಸರಿಯಾಗಿ ತೋರಿಸಿದ. ಐದಾರು ಸುತ್ತು ಆದ ಮೇಲೆ ಬಿಸಿಯೂಟದ ಕೋಣೆಯ ಕಡೆ ಕೈ ಮಾಡಿದ, ಎಲ್ಲರೂ ನಕ್ಕರು. ಪ್ರತಿ ಸುತ್ತಿನ ಸಣ್ಣ ತಪ್ಪು ಮುಂದಿನದಕ್ಕೆ ಸೇರುತ್ತ ಹೋಗಿತ್ತು.

ಗೈರೋಸ್ಕೋಪ್ ಅಲುಗಾಡದೆ ಮೇಜಿನ ಮೇಲೆ ಕೂತಿದ್ದರೂ ಪೂರ್ತಿ ಸೊನ್ನೆ ತೋರಿಸುವುದಿಲ್ಲ. ಎಂಪಿಯು-6050ರ ತಯಾರಕರ ಮಾಹಿತಿ ಪತ್ರವೇ ಸೆಕೆಂಡಿಗೆ 20 ಡಿಗ್ರಿಯವರೆಗೂ ಆರಂಭದ ವ್ಯತ್ಯಾಸ ಇರಬಹುದು ಎನ್ನುತ್ತದೆ. ಆದ್ದರಿಂದ ಶುರುವಿನಲ್ಲಿ ಸಂವೇದಕವನ್ನು ಅಲುಗಾಡಿಸದೆ ಇಟ್ಟು, ಐನೂರು ಓದಿಕೆಗಳ ಸರಾಸರಿ ತೆಗೆದು, ಅದನ್ನು ಮುಂದಿನ ಎಲ್ಲ ಓದಿಕೆಗಳಿಂದ ಕಳೆಯಬೇಕು. ಕಳೆದ ಮೇಲೂ ಸ್ವಲ್ಪ ಉಳಿಯುತ್ತದೆ, ಬಿಸಿಯೇರಿದಂತೆ ಬದಲಾಗುತ್ತದೆ. ಉಳಿದದ್ದು ಸೆಕೆಂಡಿಗೆ ಅರ್ಧ ಡಿಗ್ರಿ ಎಂದಿಟ್ಟುಕೊಂಡರೂ ಒಂದು ನಿಮಿಷಕ್ಕೆ 30 ಡಿಗ್ರಿ ಆಯಿತು. ಮೇಜಿನ ಮೇಲೆ ಸುಮ್ಮನೆ ಕೂತ ಹಲಗೆ ತಾನು 30 ಡಿಗ್ರಿ ವಾಲಿದ್ದೇನೆ ಎಂದು ನಂಬಿಬಿಡುತ್ತದೆ.

ಇಷ್ಟಾದ ಮೇಲೆ ಎರಡರ ದೋಷಗಳು ಒಂದೇ ಬಗೆಯವಲ್ಲ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ಒಂದು ಈ ಗಳಿಗೆಯಲ್ಲಿ ಬೆಚ್ಚುತ್ತದೆ, ಬಹಳ ಹೊತ್ತಿನ ಸರಾಸರಿಯಲ್ಲಿ ಸರಿಯಿರುತ್ತದೆ. ಇನ್ನೊಂದು ಈ ಗಳಿಗೆಗೆ ಸರಿ, ಹೊತ್ತು ಕಳೆದಂತೆ ದಾರಿ ತಪ್ಪುತ್ತದೆ. ಪೂರಕ ಫಿಲ್ಟರ್ ಮಾಡುವುದು ಇಷ್ಟೇ: ನೂರರಲ್ಲೊಂದು ಸೆಕೆಂಡಿಗೊಮ್ಮೆ ಹಳೆಯ ಕೋನಕ್ಕೆ ಗೈರೋ ಹೇಳಿದ ತಿರುವನ್ನು ಕೂಡಿಸಿ, ಆ ಮೊತ್ತದ 98 ಪಾಲು ತೆಗೆದುಕೊಂಡು, ಆಕ್ಸೆಲೆರೋಮೀಟರಿನ ಕೋನದ 2 ಪಾಲನ್ನು ಬೆರೆಸುವುದು.

```
unsigned long t = micros();
float dt = (t - t0) / 1000000.0;
t0 = t;
float accKona = atan2(ay, az) * 57.3;
float gyroVega = (gx - gx0) / 131.0;
kona = 0.98*(kona + gyroVega*dt) + 0.02*accKona;
```

ಇಲ್ಲಿ `gx0` ಎಂದರೆ ಮೊದಲೇ ತೆಗೆದ ಆ ಸರಾಸರಿ. ಸಂವೇದಕವನ್ನು ಸೆಕೆಂಡಿಗೆ 250 ಡಿಗ್ರಿಯ ವ್ಯಾಪ್ತಿಯಲ್ಲಿಟ್ಟಾಗ ಅದರ 131 ಅಂಕಿ ಸೆಕೆಂಡಿಗೆ 1 ಡಿಗ್ರಿಗೆ ಸಮ, 57.3 ರೇಡಿಯನ್ನನ್ನು ಡಿಗ್ರಿಗೆ ತರುತ್ತದೆ. ಮಕ್ಕಳಿಗೆ ಮುಖ್ಯವಾಗಿ ಕೊನೆಯ ಸಾಲು ಸಾಕು.

ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕರು ಹಿಂಬದಿಯಿಂದ "ಯಾಕಮ್ಮ 0.98? 0.5 ಯಾಕಾಗಬಾರದು?" ಎಂದು ಕೇಳಿದರು. ಎಲ್ಲ ಪುಸ್ತಕಗಳೂ 0.98 ಎಂದು ಬರೆದು ಮುಂದೆ ಹೋಗುತ್ತವೆ. ಪಾಠದ ತಿರುಳು ಇರುವುದೇ ಆ ಪ್ರಶ್ನೆಯಲ್ಲಿ ಎಂದು ನನಗೆ ಅನಿಸುತ್ತದೆ, ಎರಡನೇ ಅವಧಿಯ ಹೆಚ್ಚಿನ ಪಾಲು ಅದಕ್ಕೇ ಮೀಸಲಿಟ್ಟಿದ್ದೆ. ಕ್ಯಾಲ್ಕುಲೇಟರಿನಲ್ಲಿ 0.98ನ್ನು ಅದರಿಂದಲೇ ಐವತ್ತು ಸಲ ಗುಣಿಸಿದರೆ ಸುಮಾರು 0.36 ಬರುತ್ತದೆ. ಅಂದರೆ ಕೋನದಲ್ಲಿ ಯಾವುದೇ ತಪ್ಪು ಸೇರಿದ್ದರೂ ಐವತ್ತು ಹೆಜ್ಜೆಯಲ್ಲಿ, ಎಂದರೆ ಅರ್ಧ ಸೆಕೆಂಡಿನಲ್ಲಿ, ಮೂರರಲ್ಲೊಂದು ಪಾಲಿನಷ್ಟೇ ಉಳಿಯುತ್ತದೆ. ಅರ್ಧ ಸೆಕೆಂಡಿಗಿಂತ ಬೇಗ ಆಗುವ ವಿಷಯಗಳಿಗೆ ಗೈರೋ ಮಾತು ನಡೆಯುತ್ತದೆ, ನಿಧಾನದ ವಿಷಯಗಳಿಗೆ ಆಕ್ಸೆಲೆರೋಮೀಟರ್ ಮಾತು. ಈ ಗಡಿಕಾಲವನ್ನು `0.98 × 0.01 ÷ 0.02` ಎಂದು ಲೆಕ್ಕ ಹಾಕಬಹುದು, 0.49 ಸೆಕೆಂಡು ಬರುತ್ತದೆ.

ಈಗ ಮೂರು ತೂಕಗಳನ್ನು ಹೋಲಿಸಿದೆವು. ಹಲಗೆಗೆ 0.1 ಸೆಕೆಂಡು ಕಾಲ ಮೇಲಿನ 5.8 ಡಿಗ್ರಿಯ ಸುಳ್ಳು ಧಕ್ಕೆ ಬಿತ್ತು, ಗೈರೋದಲ್ಲಿ ಸೆಕೆಂಡಿಗೆ ಅರ್ಧ ಡಿಗ್ರಿಯ ದೋಷ ಉಳಿದಿದೆ ಎಂದು ಇಟ್ಟುಕೊಂಡು ಕಪ್ಪು ಹಲಗೆಯ ಮೇಲೆ ಬರೆದದ್ದು ಹೀಗೆ:

| ಗೈರೋ ತೂಕ | ಗಡಿಕಾಲ | ಧಕ್ಕೆಯಿಂದ ತಪ್ಪು | ಗೈರೋ ದೋಷದಿಂದ ಉಳಿಯುವ ತಪ್ಪು |
|---|---|---|---|
| 0.90 | 0.09 ಸೆಕೆಂಡು | 3.8 ಡಿಗ್ರಿ | 0.05 ಡಿಗ್ರಿ |
| 0.98 | 0.49 ಸೆಕೆಂಡು | 1.1 ಡಿಗ್ರಿ | 0.25 ಡಿಗ್ರಿ |
| 0.998 | 5 ಸೆಕೆಂಡು | 0.1 ಡಿಗ್ರಿ | 2.5 ಡಿಗ್ರಿ |

ಕೊನೆಯ ಕಂಬಸಾಲು ಗಡಿಕಾಲವನ್ನು ಗೈರೋ ದೋಷದಿಂದ ಗುಣಿಸಿದ್ದು, ಅಷ್ಟೇ. ನಿಮಿಷಕ್ಕೆ 30 ಡಿಗ್ರಿ ಓಡಿಹೋಗುತ್ತಿದ್ದ ದೋಷ ಇಲ್ಲಿ ಕಾಲು ಡಿಗ್ರಿಯಲ್ಲಿ ನಿಂತುಬಿಡುತ್ತದೆ ಎಂಬುದನ್ನು ಮಕ್ಕಳು ಎರಡು ಸಲ ಲೆಕ್ಕ ಮಾಡಿ ನೋಡಿದ ಮೇಲೆಯೇ ಒಪ್ಪಿದರು. 0.98 ಮಂತ್ರವೇನೂ ಅಲ್ಲ; ಸೆಕೆಂಡಿಗೆ ನೂರು ಓದಿಕೆ ತೆಗೆಯುವಾಗ ಎರಡೂ ತಪ್ಪುಗಳನ್ನು ತಕ್ಕಮಟ್ಟಿಗೆ ಅಂಕೆಯಲ್ಲಿಡುವ ಒಂದು ಬೆಲೆ. ಓದಿಕೆಯ ವೇಗ ಬದಲಾದರೆ ಅದೇ 0.98 ಬೇರೆ ಗಡಿಕಾಲ ಕೊಡುತ್ತದೆ.

ಹಲಗೆ ಸರಿಯಾಗಿ ಕೆಲಸ ಮಾಡದಿದ್ದರೆ ಕಾರಣ ಹುಡುಕಲು ಆರ್ಡುಯಿನೊದ `Serial Plotter` ಕಿಟಕಿಯಲ್ಲಿ ಮೂರು ಗೆರೆಗಳನ್ನು ಒಟ್ಟಿಗೆ ಹಾಕಿಸಬೇಕು: ಆಕ್ಸೆಲೆರೋಮೀಟರಿನದು, ಬರೀ ಗೈರೋ ಕೂಡಿಸಿದ್ದು, ಫಿಲ್ಟರಿನದು. ಆಮೇಲೆ ತಳವನ್ನು ಚಟ್ಟನೆ 10 ಡಿಗ್ರಿ ವಾಲಿಸಿ ಅಲ್ಲೇ ಹಿಡಿಯಬೇಕು. ಫಿಲ್ಟರಿನ ಗೆರೆ ಮೊದಲು ಉಲ್ಟಾ ದಿಕ್ಕಿಗೆ ಹಾರಿ, ಆಮೇಲೆ ನಿಧಾನವಾಗಿ ಸರಿ ಜಾಗಕ್ಕೆ ಬಂದರೆ ಗೈರೋದ ಚಿಹ್ನೆ ತಿರುಗಿದೆ. ಒಂದು ಮೈನಸ್ ಸಾಕು. ಮಸ್ಕಿಯಲ್ಲಿ ಒಂದು ಗುಂಪಿನ ಗೆರೆ ಸರಿ ದಿಕ್ಕಿಗೇ ಹೋಯಿತು, ಆದರೆ 4 ಡಿಗ್ರಿಯಲ್ಲಿ ನಿಂತು ಅಲ್ಲಿಂದ ತೆವಳುತ್ತ 10ಕ್ಕೆ ಏರಿತು. ಅವರು `dt` ಅಳೆಯದೆ 0.01 ಎಂದು ಬರೆದಿದ್ದರು. ಪರದೆಗೆ ಅಂಕಿಗಳನ್ನು 9600ರ ನಿಧಾನ ವೇಗದಲ್ಲಿ ಕಳಿಸುತ್ತಿದ್ದುದರಿಂದ ಒಂದು ಸುತ್ತಿಗೆ ನಿಜವಾಗಿ 0.025 ಸೆಕೆಂಡು ಹಿಡಿಯುತ್ತಿತ್ತು. ಹತ್ತು ಡಿಗ್ರಿಯ ತಿರುವಿನಲ್ಲಿ ಗೈರೋ ಲೆಕ್ಕಕ್ಕೆ ಸಿಕ್ಕಿದ್ದು ನಾಲ್ಕೇ. ವೇಗವನ್ನು 115200ಕ್ಕೆ ಏರಿಸಿ, ಕಾಲವನ್ನು `micros()` ಮೂಲಕ ಅಳೆದ ಮೇಲೆ ಸರಿಹೋಯಿತು. ಕಾರಣ ಕಂಡುಹಿಡಿದವರು ಆ ಗುಂಪಿನವರೇ, 4ಕ್ಕೂ 10ಕ್ಕೂ ಇರುವ ಅನುಪಾತ ನೋಡಿ.

ಈ ವಿಧಾನದ ಮಿತಿಯನ್ನು ಮೌಲ್ಯಮಾಪನದ ಪ್ರಶ್ನೆಯಾಗಿ ಕೊಟ್ಟೆ. ಹಲಗೆಯನ್ನು ಹಿಡಿದು ಬಸ್ಸಿನಲ್ಲಿ ಕೂತಿದ್ದೀರಿ, ಡ್ರೈವರ್ ಮೂರು ಸೆಕೆಂಡು ಒಂದೇ ಸಮನೆ ಬ್ರೇಕು ಒತ್ತಿದ, ತಟ್ಟೆ ಏನಾಗುತ್ತದೆ? ಧಕ್ಕೆ ಗಡಿಕಾಲಕ್ಕಿಂತ ದೊಡ್ಡದಾದ್ದರಿಂದ ಫಿಲ್ಟರ್ ಕೊನೆಗೆ ಆಕ್ಸೆಲೆರೋಮೀಟರಿನ ಮಾತನ್ನೇ ನಂಬುತ್ತದೆ, ತಟ್ಟೆ ಸುಮಾರು 6 ಡಿಗ್ರಿ ವಾಲುತ್ತದೆ ಎಂದು ಹೆಚ್ಚಿನವರು ಬರೆದರು. ಅದು ನಿರೀಕ್ಷಿತ ಉತ್ತರ. ಮೊದಲು ಪ್ರಶ್ನೆ ಕೇಳಿದ ಹುಡುಗಿ ಮಾತ್ರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: ತಟ್ಟೆ ವಾಲಿದರೂ ಗೋಲಿ ಉರುಳುವುದಿಲ್ಲ, ಯಾಕಂದರೆ ತೂಗುಹಾಕಿದ ಬಾಟಲಿಗೂ ತಟ್ಟೆಗೂ ಆಗ ಲಂಬಕೋನವೇ ಇರುತ್ತದೆ. ಅವಳು ಹೇಳಿದ್ದು ಸರಿ. ಬ್ರೇಕು ಬಿದ್ದ ಮೊದಲ ಅರ್ಧ ಸೆಕೆಂಡು, ತಟ್ಟೆ ಇನ್ನೂ ಮಟ್ಟವಾಗಿರುವಾಗ, ಗೋಲಿ ಮುಂದಕ್ಕೆ ಓಡುತ್ತದೆ. ಅಷ್ಟರಲ್ಲಿ ತಟ್ಟೆಯಿಂದ ಬೀಳದೆ ಉಳಿದರೆ, ತಟ್ಟೆ ವಾಲಿ ಮುಗಿದ ಮೇಲೆ ಅದರ ಓಟವನ್ನು ಹೆಚ್ಚಿಸುವ ಬಲ ಯಾವುದೂ ಇರುವುದಿಲ್ಲ. ಅಂಕಪಟ್ಟಿಯಲ್ಲಿ ಈ ಉತ್ತರಕ್ಕೆ ಜಾಗ ಇರಲಿಲ್ಲ. ಅದೇ ಪ್ರಶ್ನೆಯ ಅಡಿಯಲ್ಲಿ ಒಂದು ಅಂಕ ಹೆಚ್ಚು ಸೇರಿಸಿದೆ.